ಕಿರುಪ್ರಬಂಧದ ಕರಡುಗಳನ್ನು ಸಾಕ್ಷಿಯಾಗಿ ಒಪ್ಪಿಸುವ ಬಗೆ

ಪ್ರಶ್ನೆ: ಕುಂಬಾರಿಕೆ ಕುರಿತ ನನ್ನ ಎಂ.ಎ. ಕಿರುಪ್ರಬಂಧವನ್ನು ನಾನೇ ಬರೆದಿಲ್ಲವೆಂದು ವಿಭಾಗದಲ್ಲಿ ಸಂಶಯ ಬಂದಿದೆ. ಕ್ಷೇತ್ರಕಾರ್ಯದ ಪುಸ್ತಕ, ಡಿಟಿಪಿ ಪ್ರೂಫ್, ಒಂದು ಅಧ್ಯಾಯದ ಗೂಗಲ್ ಡಾಕ್ಸ್ ಫೈಲ್ ಇವೆ. ಇಷ್ಟು ಸಾಕೆ?

ಉತ್ತರ: ಸಾಕಾಗಬಹುದು. ಆದರೆ ಕಂತೆ ಕಟ್ಟಿ ಮೇಜಿನ ಮೇಲಿಟ್ಟರೆ ಯಾರೂ ಓದುವುದಿಲ್ಲ. ಮಾರ್ಗದರ್ಶಕನಾಗಿ ಇಂತಹ ವಿಚಾರಣೆಗಳಲ್ಲಿ ಕುಳಿತು ನಾನು ಕಂಡಂತೆ, ಸಮಿತಿಗೆ ಮನವರಿಕೆಯಾಗುವುದು ಒಂದೇ ವಾಕ್ಯವೃಂದ ಮೊದಲ ಟಿಪ್ಪಣಿಯಿಂದ ಅಂತಿಮ ಪ್ರತಿಯವರೆಗೆ ಹೇಗೆ ಬದಲಾಯಿತೆಂಬುದನ್ನು ತೋರಿಸಿದಾಗ.

ಉದಾಹರಣೆಗೆ, ಆವಿಗೆಯಲ್ಲಿ ಮಡಕೆ ಸುಡುವ ಕ್ರಮವನ್ನು ವಿವರಿಸುವ ಭಾಗವನ್ನು ಆರಿಸಿಕೊಳ್ಳಿ. ಕುಂಬಾರರು ಹೇಳಿದ್ದನ್ನು ಅವಸರದಲ್ಲಿ ಗೀಚಿಕೊಂಡ ಪುಟ, ಅದನ್ನು ವಾಕ್ಯಗಳಾಗಿಸಿದ ಕರಡು, ಅಲ್ಲಿ ಕಾಟು ಹೊಡೆದು ಅಂಚಿನಲ್ಲಿ ಸೇರಿಸಿದ ಸಾಲು, ಆ ಸಾಲು ಸೇರ್ಪಡೆಯಾದ ಪ್ರೂಫ್, ಇಷ್ಟನ್ನೂ ಕ್ರಮವಾಗಿ ಜೋಡಿಸಿ. ಮಡಕೆ ಆರಲು ಬೇಕಾಗುವ ಸಮಯವನ್ನು ಮೊದಲು ಬಿಟ್ಟು, ಮತ್ತೊಮ್ಮೆ ಕೇಳಿ ಬಂದ ಮೇಲೆ ಸೇರಿಸಿದ್ದರೆ, ಅದೇಕೆ ಎಂದು ನೀವು ಬಾಯಲ್ಲಿ ಹೇಳಬಲ್ಲಿರಿ. ಬೇರೆಯವರಿಂದ ಬರೆಸಿಕೊಂಡವರು ತಡವರಿಸುವುದು ಇಲ್ಲಿಯೇ. ಟಿಪ್ಪಣಿ ಪುಸ್ತಕವನ್ನು ಈಗ ಅಂದವಾಗಿ ನಕಲು ಮಾಡಲು, ತಾರೀಖು ಹಾಕಲು ಖಂಡಿತ ಹೋಗಬೇಡಿ. ಬೇರೆ ಶಾಯಿಯ ಒಂದು ತಾರೀಖು ಇಡೀ ಪುಸ್ತಕದ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಡಿಟಿಪಿ ಮಾಡಿಸಿದ ಅಧ್ಯಾಯಗಳ ವಿಷಯ ಸ್ವಲ್ಪ ಬೇರೆ. ಅವುಗಳ ಫೈಲಿನಲ್ಲಿ ಉಳಿಯುವುದು ಬೆರಳಚ್ಚು ಮಾಡಿದವರ ಕೆಲಸದ ಗುರುತೇ ಹೊರತು ನಿಮ್ಮ ಬರವಣಿಗೆಯದಲ್ಲ. ಅಲ್ಲಿ ನಿಮ್ಮ ಕೈಬರಹದ ಪ್ರತಿಯೇ ಮೂಲ. ನೀವು ತಿದ್ದಿದ ಪ್ರೂಫ್ ಹಾಳೆಗಳನ್ನು ಅಂಗಡಿಯವರು ರದ್ದಿಗೆ ಹಾಕುವ ಮೊದಲೇ ಕೇಳಿ ತನ್ನಿ.

ಗೂಗಲ್ ಡಾಕ್ಸ್‌ನಲ್ಲಿ File > Version history > See version history ತೆರೆದರೆ ಯಾವ ದಿನ ಏನು ಸೇರಿತು, ಏನು ಅಳಿಯಿತು ಎಂಬುದು ಕಾಣುತ್ತದೆ. Make a copy ಮಾಡಿದ ಪ್ರತಿಗೆ ಹಳೆಯ ಚರಿತ್ರೆ ಬರುವುದಿಲ್ಲ. ಡೌನ್‌ಲೋಡ್ ಮಾಡಿದ ವರ್ಡ್ ಫೈಲಿಗೂ ಇಲ್ಲ. ನೋಡುವ ಅನುಮತಿ ಮಾತ್ರ ಇರುವವರಿಗೆ ಈ ಚರಿತ್ರೆ ತೆರೆಯದ ಕಾರಣ, ಕೊಂಡಿ ಕಳಿಸುವುದಕ್ಕಿಂತ ನಿಮ್ಮ ಖಾತೆಯಲ್ಲೇ ಮೂಲ ಫೈಲನ್ನು ತೆರೆದು ಸಮಿತಿಯ ಎದುರು ತೋರಿಸುವುದು ಒಳ್ಳೆಯದು. ಹಳೆಯ ಆವೃತ್ತಿಗಳನ್ನು ಗೂಗಲ್ ಕೆಲವೊಮ್ಮೆ ಒಟ್ಟುಗೂಡಿಸುವುದರಿಂದ ಮುಖ್ಯ ಹಂತಗಳ ಸ್ಕ್ರೀನ್‌ಶಾಟ್‌ಗಳನ್ನೂ ತೆಗೆದಿಟ್ಟುಕೊಳ್ಳಿ.

ಈ ಚರಿತ್ರೆಗೂ ಮಿತಿಯಿದೆ. ಎಲ್ಲಿಂದಲೋ ತಂದು ಅಂಟಿಸಿದ ಪುಟಗಳು ಒಂದೇ ಬಾರಿಗೆ ಬಂದಂತೆ ಕಾಣುತ್ತವೆ, ನಿಜ. ಆದರೆ ಕೈಬರಹದಿಂದ ಬೇರೆ ಫೈಲಿಗೆ ಇಳಿಸಿ ನೀವೇ ಅಂಟಿಸಿದ್ದರೂ ಹಾಗೆಯೇ ಕಾಣುತ್ತದೆ. ಅಂತಹ ಜಾಗಗಳನ್ನು ಸಮಿತಿಯವರು ಹುಡುಕಿ ಕೇಳುವ ಮೊದಲು ನೀವೇ ಗುರುತಿಸಿ, ಅದಕ್ಕೆ ಹೊಂದುವ ಕರಡು ಪುಟವನ್ನು ಪಕ್ಕದಲ್ಲಿಡಿ. ಇನ್ನೊಬ್ಬರ ಬರಹವನ್ನು ನೋಡಿಕೊಂಡು ಟೈಪ್ ಮಾಡಿದ ಪಠ್ಯ ಹಿಂದೆಮುಂದೆ ಆಗದೆ ನೇರವಾಗಿ ಬೆಳೆಯುತ್ತದೆ ಎಂಬುದೂ ಅನುಭವಿಗಳಿಗೆ ಗೊತ್ತಿರುವುದರಿಂದ, ನಿಮ್ಮ ಫೈಲಿನಲ್ಲಿ ಅಳಿಸಿ ಬರೆದ, ಸ್ಥಳ ಬದಲಿಸಿದ ಭಾಗಗಳನ್ನೇ ಮೊದಲು ತೋರಿಸಿ. ಒಪ್ಪಿಸುವಾಗ ಪುಸ್ತಕದ ಮೂಲ ಪ್ರತಿಯನ್ನು ಬಿಟ್ಟುಕೊಡದೆ ಜೆರಾಕ್ಸ್ ನೀಡಿ, ಸ್ವೀಕೃತಿ ಪಡೆಯಿರಿ.