ಹಳೆಯ ಡ್ರಾಯರ್ ಪೆಟ್ಟಿಗೆ ಅಸಲಿಯೇ ಎಂದು ಫೋಟೋದಲ್ಲೇ ತಿಳಿಯಬಹುದೇ?

"1830ರ ಸುಮಾರಿನದು ಎಂದು ಹೇಳಿ ಮಾರುತ್ತಿದ್ದಾರೆ. ಫೋಟೋ ನೋಡಿ ನಂಬಬಹುದಾ?"

ಮುಂಭಾಗದ ಫೋಟೋ ಸಾಲದು. ಒಂದು ಡ್ರಾಯರ್ ಹೊರಗೆಳೆಸಿ, ಅದರ ಪಕ್ಕ, ತಳ ಮತ್ತು ಮುಂಹಲಗೆಯ ಒಳಮೈಯ ಫೋಟೋ ತೆಗೆಸಿ ತರಿಸಿಕೊಳ್ಳಿ. ಬೆಳಕು ಓರೆಯಾಗಿ ಬೀಳಲಿ, ಇಲ್ಲದಿದ್ದರೆ ಉಪಕರಣದ ಗುರುತು ಕಾಣುವುದೇ ಇಲ್ಲ.

ಮೂಲೆಯಲ್ಲಿ ಹಲಗೆಗಳು ಹಲ್ಲಿಗೆ ಹಲ್ಲು ಕೂಡುವ ಡವ್‌ಟೇಲ್ ಜೋಡಣೆಯಲ್ಲಿ ಹಲ್ಲುಗಳ ಅಗಲ ಸ್ವಲ್ಪ ಹೆಚ್ಚುಕಮ್ಮಿಯಿದ್ದು, ಬುಡದಲ್ಲಿ ಗೀಚಿದ ಗೆರೆಯಿದ್ದರೆ ಅದು ಕೈಕೆಲಸ. ಎಲ್ಲವೂ ಒಂದೇ ಅಳತೆಯಲ್ಲಿದ್ದರೆ ಬಹುತೇಕ ಯಂತ್ರದ್ದು, 1830ಕ್ಕೆ ಹೊಂದುವುದಿಲ್ಲ. ಆದರೆ ಕೈಯಲ್ಲಿ ಕೊರೆಯುವುದು ಇಂದಿಗೂ ನಿಂತಿಲ್ಲ, ಹಾಗಾಗಿ ಇದೊಂದನ್ನೇ ನಂಬಬೇಡಿ. ತಳದ ಹಲಗೆಯಲ್ಲಿ ಕೀಸುಳಿಯ ಉದ್ದನೆಯ, ತೆಳು ತಗ್ಗುಗಳಿರಬೇಕು.

ನನ್ನ ಮಟ್ಟಿಗೆ ಹೆಚ್ಚು ಸತ್ಯ ಹೇಳುವುದು ಹಿಡಿಕೆಯ ತೂತುಗಳು. ಈಗಿನ ಹಿತ್ತಾಳೆ ಹಿಡಿಕೆಗೆ ಎರಡು ತೂತು, ಒಳಮೈಯಲ್ಲಿ ಅವುಗಳ ನಡುವೆ ಮುಚ್ಚಿದ ಮೂರನೆಯದೊಂದು ಕಂಡರೆ, ಮೊದಲು ಒಂದೇ ತೂತಿನ ಗುಬುಟು ಇದ್ದಿರಬೇಕು. ಆ ಮೂರನೆಯದರ ಗುರುತು ಹೊರಮೈಯಲ್ಲೂ ಇದ್ದರೆ ಬದಲಾಗಿದ್ದು ಹಿಡಿಕೆ ಮಾತ್ರ. ಹೊರಗೆ ಅದರ ಸುಳಿವೇ ಇಲ್ಲದಿದ್ದರೆ ಮೇಲಿನ ತೆಳು ಮರದ ಹೊದಿಕೆಯನ್ನು ಆಮೇಲೆ ಅಂಟಿಸಿರುವ ಸಾಧ್ಯತೆ ಹೆಚ್ಚು. ಬೆಲೆ ಬೀಳುವುದು ಇಲ್ಲೇ.

ಸವೆತಕ್ಕೂ ಕಾರಣವಿರಬೇಕು. ಡ್ರಾಯರ್ ಪಕ್ಕದ ಹಲಗೆಗಳ ಕೆಳ ಅಂಚು ತೇಯ್ದಿದ್ದರೆ, ಅದು ಜಾರುವ ಪಟ್ಟಿಯಲ್ಲೂ ಅಷ್ಟೇ ಅಗಲದ ಹಳ್ಳ ಬಿದ್ದಿರಬೇಕು. ಒಂದು ಸವೆದು ಇನ್ನೊಂದು ಹೊಸದರಂತಿದ್ದರೆ ಪಟ್ಟಿ ಬದಲಾಗಿದೆ, ಇಲ್ಲವೇ ಡ್ರಾಯರ್ ಬೇರೆ ಪೆಟ್ಟಿಗೆಯದು.