ಬೀಳ್ಕೊಡುವ ಚೀಟಿಯಲ್ಲಿ ಏನು ಬರೆಯಲಿ?

ಪ್ರಶ್ನೆ: ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಎಂಎಸ್ ಮಾಡಲು ಜರ್ಮನಿಗೆ ಹೊರಟಿದ್ದಾಳೆ. ಸೆಪ್ಟೆಂಬರ್ ಕೊನೆಗೆ ವಿಮಾನ. ಅವಳಿಗೊಂದು ಪತ್ರ ಕೊಡಬೇಕು ಅಂತ ಮೂರು ಸಲ ಬರೆದು ಹರಿದೆ. ‘ನನ್ನನ್ನು ಮರೆಯಬೇಡ, ದಿನಾ ಫೋನ್ ಮಾಡು’ ಅನ್ನುವುದರ ಆಚೆ ಏನೂ ಬರುತ್ತಿಲ್ಲ. ನಾನು ಗಣಿತದಲ್ಲಿ ಫೇಲಾದಾಗ ಮಂಡಕ್ಕಿ ಅಂಗಡಿಯಲ್ಲಿ ಕೂರಿಸಿಕೊಂಡು, ಮಿರ್ಚಿ ತಿನ್ನುತ್ತಾ ಲೆಕ್ಕ ಹೇಳಿಕೊಟ್ಟವಳು. ಎಣ್ಣೆ ಹತ್ತಿದ ಆ ಪ್ರಶ್ನೆಪತ್ರಿಕೆ ಇನ್ನೂ ನನ್ನ ಹತ್ತಿರ ಇದೆ. ನಿಜ ಹೇಳಬೇಕೆಂದರೆ ನಾನೂ ಹೋಗಬೇಕೆಂದಿದ್ದೆ. ಮನೆಯಲ್ಲಿ ದುಡ್ಡು ಹೊಂದಲಿಲ್ಲ. ಅದನ್ನೂ ಬರೆಯಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಆಗಲೇ ಬರೆದು ಆಗಿದೆ. ಅದನ್ನು ಅವಳಿಗೆ ಬರೆಯುವ ಬದಲು ನನಗೆ ಬರೆದಿದ್ದೀರಿ, ಅಷ್ಟೇ. ಎಣ್ಣೆ ಹತ್ತಿದ ಪ್ರಶ್ನೆಪತ್ರಿಕೆಯ ಆ ಒಂದು ಸಾಲನ್ನು ನಿಮ್ಮ ಹೊರತು ಇನ್ನಾರೂ ಅವಳಿಗೆ ಬರೆಯಲಾರರು. ‘ಮರೆಯಬೇಡ’ ಎಂದು ಇಡೀ ಕ್ಲಾಸೇ ಬರೆದುಕೊಡುತ್ತದೆ.

‘ದಿನಾ ಫೋನ್ ಮಾಡು’ ಎಂಬುದನ್ನಂತೂ ಖಂಡಿತ ತೆಗೆದುಹಾಕಿ. ಇದು ನಾನು ಪೆಟ್ಟು ತಿಂದು ಕಲಿತ ಪಾಠ. 1994ರಲ್ಲಿ ನನ್ನ ಸಹಪಾಠಿಯೊಬ್ಬ ಅಮೆರಿಕಕ್ಕೆ ಹೋದ. ಆಗ ಅಂಚೆ ಕಚೇರಿಯಲ್ಲಿ ನೀಲಿ ಏರೋಗ್ರಾಂ ಸಿಗುತ್ತಿತ್ತು. ಒಂದೇ ಹಾಳೆ, ಅದನ್ನೇ ಮಡಚಿ ಅಂಟಿಸಬೇಕು, ಒಳಗೆ ಇನ್ನೇನೂ ಇಡುವಂತಿಲ್ಲ. ವಾರಕ್ಕೊಂದು ಹಾಕುತ್ತೇವೆ ಎಂದು ಇಬ್ಬರೂ ಕೈಮೇಲೆ ಕೈ ಇಟ್ಟು ಮಾತು ಕೊಟ್ಟೆವು. ಮೂರನೇ ವಾರ ನಾನು ತಪ್ಪಿಸಿದೆ. ನಾಲ್ಕನೇ ವಾರ ಬರೆಯಲು ಕೂತರೆ, ಮೊದಲು ಕ್ಷಮೆ ಕೇಳಬೇಕಲ್ಲ, ತಡವಾದದ್ದಕ್ಕೆ ಸರಿಯಾಗಿ ದೊಡ್ಡ ಪತ್ರವನ್ನೇ ಬರೆಯಬೇಕಲ್ಲ ಅನಿಸಿತು. ದೊಡ್ಡ ಪತ್ರಕ್ಕೆ ಪುರುಸೊತ್ತು ಬೇಕು. ಪುರುಸೊತ್ತು ಸಿಗುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು, ಈಗ ಇನ್ನೂ ದೊಡ್ಡದು ಬರೆಯಬೇಕು! ಹನ್ನೊಂದು ವರ್ಷ ಕಳೆದು ಒಂದು ಮದುವೆಯಲ್ಲಿ ಸಿಕ್ಕಾಗ ಗೊತ್ತಾಯಿತು, ಅವನೂ ಅಲ್ಲಿ ಕೂತು ಇದೇ ಲೆಕ್ಕ ಹಾಕುತ್ತಿದ್ದನಂತೆ. ನಾವು ಜಗಳ ಆಡಿರಲಿಲ್ಲ, ಮರೆತೂ ಇರಲಿಲ್ಲ. ನಾಚಿಕೆ ಪಟ್ಟುಕೊಂಡು ಸುಮ್ಮನಾಗಿದ್ದೆವು.

ನಿಮ್ಮ ಗೆಳತಿಗೂ ಈ ನಾಚಿಕೆಯ ಪ್ರಸಂಗ ಬೇಗನೇ ಬರುತ್ತದೆ. ಅಲ್ಲಿಗೆ ಇಳಿದ ಮೊದಲ ಎರಡು ವಾರದಲ್ಲಿ ಮನೆಯ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಇರುವ ಕಾಗದ ಬೇಕು, ಕಚೇರಿಯಲ್ಲಿ ಸಮಯ ಸಿಗಬೇಕು. ಬ್ಯಾಂಕಿನ ಕೆಲಸ, ಆರೋಗ್ಯ ವಿಮೆ, ವೀಸಾಕ್ಕಾಗಿ ಕಟ್ಟಿಟ್ಟ ದುಡ್ಡು ತಿಂಗಳು ತಿಂಗಳು ಕೈಗೆ ಬರುವಂತೆ ಮಾಡಿಕೊಳ್ಳುವುದು, ಇಷ್ಟೆಲ್ಲ ಮುಗಿಯುವ ಮೊದಲೇ ಅಕ್ಟೋಬರಿನಲ್ಲಿ ತರಗತಿ ಶುರು. ಡಿಸೆಂಬರಿಗೆ ನಾಲ್ಕು, ನಾಲ್ಕೂವರೆಗೆಲ್ಲ ಕತ್ತಲು. ಫೆಬ್ರವರಿಯ ಸುಮಾರಿಗೆ ಪರೀಕ್ಷೆ. ಆ ದಿನಗಳಲ್ಲಿ ನಿಮ್ಮ ಮೆಸೇಜಿಗೆ ನೀಲಿ ಗೆರೆ ಬಿದ್ದೂ ಉತ್ತರ ಬರದಿದ್ದರೆ, ‘ಅವಳಿಗೆ ಹೊಸಬರು ಸಿಕ್ಕರು’ ಎಂದು ನೀವು ಕೊರಗುತ್ತೀರಿ. ಅವಳು ಅಲ್ಲಿ ‘ನಿಧಾನಕ್ಕೆ ಕೂತು ಉತ್ತರ ಕೊಡಬೇಕು’ ಎಂದುಕೊಳ್ಳುತ್ತಿರುತ್ತಾಳೆ. ಅದಕ್ಕೇ ಪತ್ರದಲ್ಲಿ ಮಾತು ತೆಗೆದುಕೊಳ್ಳಬೇಡಿ. ತಡವಾದರೆ ಕ್ಷಮೆ ಕೇಳದೆಯೇ ಶುರುಮಾಡು ಎಂಬ ಅನುಮತಿ ಕೊಡಿ.

ಹಾಗೆಂದು ‘ಆಗಾಗ ಮಾತಾಡೋಣ’ ಎಂದು ಬಿಟ್ಟರೂ ಆಗದು. ಆಗಾಗ ಎಂದರೆ ಯಾವಾಗಲೂ ಇಲ್ಲ ಅಂತಲೇ ಲೆಕ್ಕ. ತಿಂಗಳಿಗೊಂದು ದಿನ ಗೊತ್ತುಮಾಡಿ. ನಾನು ಹೇಳುವುದು ತಿಂಗಳ ಮೊದಲ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಅವಳು ಬಟ್ಟೆ ಒಗೆದುಕೊಂಡು ರೂಮಿನಲ್ಲೇ ಇರುವ ಸಂಭವ ಹೆಚ್ಚು. ನಮ್ಮ ರಾತ್ರಿ ಎಂಟು ಅವಳಿಗೆ ಸಂಜೆ ನಾಲ್ಕೂವರೆ. ಆದರೆ ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಮಾರ್ಚ್ ಕೊನೆಯವರೆಗೂ ನಮ್ಮ ಎಂಟು ಅವಳಿಗೆ ಮೂರೂವರೆ. ಈ ಒಂದು ಗಂಟೆ ಗೊತ್ತಿಲ್ಲದೆ ‘ನೀನು ಕಾಯಲೇ ಇಲ್ಲ’ ಎಂದು ಮುನಿಸಿಕೊಂಡವರನ್ನು ಕಂಡಿದ್ದೇನೆ. ಆದ್ದರಿಂದ ದಾವಣಗೆರೆ ಸಮಯ ಎಂದೇ ಬರೆಯಿರಿ.

ಇನ್ನು ನೀವು ಕೊನೆಯಲ್ಲಿ ಹಿಂಜರಿಯುತ್ತ ಕೇಳಿದ್ದು. ಹೊಟ್ಟೆಯೊಳಗಿನ ಆ ಉರಿಗೆ ನಾಚಬೇಕಿಲ್ಲ, ಆದರೆ ಅದನ್ನು ಚೀಟಿಯಲ್ಲಿ ಬರೆಯಬೇಡಿ. ಅವಳು ಹೊರಡುವ ಮೊದಲು ಬಾಯಲ್ಲಿ ಹೇಳಿ. ಎದುರಿಗೆ ಕೂತು ‘ನನಗೂ ಹೋಗೋ ಆಸೆ ಇತ್ತು ಕಣೇ, ಹೊಟ್ಟೆಕಿಚ್ಚಾಗುತ್ತೆ’ ಅಂದರೆ ಅವಳು ನಿಮ್ಮ ಮುಖ ನೋಡುತ್ತಾಳೆ, ಕೈ ಹಿಡಿಯುತ್ತಾಳೆ, ಇಬ್ಬರೂ ಸ್ವಲ್ಪ ಅತ್ತು ಮಿರ್ಚಿ ತಿನ್ನುತ್ತೀರಿ. ಅದೇ ಮಾತು ಕಾಗದದ ಮೇಲಿದ್ದರೆ ಅಲ್ಲಿ ನಿಮ್ಮ ಮುಖ ಇರುವುದಿಲ್ಲ. ಜನವರಿಯ ಚಳಿಯಲ್ಲಿ, ಮನೆ ನೆನಪಾಗಿ ಆ ಪತ್ರ ತೆಗೆದಾಗಲೆಲ್ಲ ‘ನನಗೆ ಸಿಗದ್ದು ನಿನಗೆ ಸಿಕ್ಕಿತು’ ಎಂಬ ಸಾಲೇ ಕಣ್ಣಿಗೆ ಬೀಳುತ್ತದೆ. ಆಮೇಲೆ ಅಲ್ಲಿನ ಕಷ್ಟವನ್ನೂ ಅವಳು ನಿಮಗೆ ಹೇಳಲಾರಳು, ಖುಷಿಯನ್ನೂ ಹೇಳಲಾರಳು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ನಿಮ್ಮ ಮಾತಿಗೆ ತಿದ್ದಿಕೊಳ್ಳಿ:

“ಲೇ, ನಾನು ಫೇಲಾದ ದಿನ ನೀನು ಒಂದು ಸಮಾಧಾನದ ಮಾತೂ ಆಡಲಿಲ್ಲ. ಸೀದಾ ಮಂಡಕ್ಕಿ ಅಂಗಡಿಗೆ ಎಳ್ಕೊಂಡು ಹೋಗಿ ಲೆಕ್ಕ ಬಿಡಿಸೋಕೆ ಕೂತೆ. ಆ ಪೇಪರ್ ಇನ್ನೂ ಇಟ್ಕೊಂಡಿದ್ದೀನಿ, ಮಿರ್ಚಿ ಎಣ್ಣೆ ಸಮೇತ. ಆವತ್ತು ಥ್ಯಾಂಕ್ಸ್ ಹೇಳಿರಲಿಲ್ಲ, ಈಗ ಹೇಳ್ತಿದ್ದೀನಿ. ತಿಂಗಳ ಮೊದಲ ಭಾನುವಾರ ದಾವಣಗೆರೆಯ ರಾತ್ರಿ ಎಂಟಕ್ಕೆ ನಾನು ಫೋನ್ ಹಿಡ್ಕೊಂಡಿರ್ತೀನಿ. ಆಗಲಿಲ್ಲ ಅಂದ್ರೆ ಮುಂದಿನ ತಿಂಗಳು. ತಡವಾಯ್ತು ಅಂತ ಸಾರಿ ಕೇಳ್ಕೊಂಡು ಶುರುಮಾಡಬೇಡ, ಊಟ ಏನು ಅಂತ ಶುರುಮಾಡು.”

ಇಷ್ಟು ಸಾಕು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೊಡುತ್ತೇನೆ ಎಂದುಕೊಂಡಿದ್ದರೆ ಬೇಡ. ಅಲ್ಲಿ ಅಪ್ಪ ಅಮ್ಮ ಅಳುತ್ತಿರುತ್ತಾರೆ, ಸೂಟ್‌ಕೇಸ್ 23 ಕೆಜಿ ದಾಟಿದೆಯೆಂದು ಚಟ್ನಿಪುಡಿ ಡಬ್ಬಿ ಹೊರಗೆ ತೆಗೆಯುತ್ತಿರುತ್ತಾರೆ, ನಿಮ್ಮ ಲಕೋಟೆ ಯಾರದೋ ಕೈಚೀಲ ಸೇರುತ್ತದೆ. ಎರಡು ದಿನ ಮೊದಲೇ ಕೊಡಿ, ಪಾಸ್‌ಪೋರ್ಟ್ ಇರುವ ಫೈಲಿನಲ್ಲೇ ಇಟ್ಟುಕೊಳ್ಳಲು ಹೇಳಿ. ಒಂದು ಎ4 ಹಾಳೆಯ ತೂಕ ಐದು ಗ್ರಾಂ, ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ.

ಹಾಳೆಯ ಹಿಂಬದಿಯಲ್ಲಿ ನಿಮ್ಮ ಇಮೇಲ್ ಮತ್ತು ಮನೆಯ ಪೂರ್ತಿ ವಿಳಾಸ ಇರಲಿ. ಫೋನ್ ನಂಬರ್ ಒಂದನ್ನೇ ನಂಬಬೇಡಿ. ಅವಳು ಅಲ್ಲಿನ ಸಿಮ್ ಹಾಕಿಕೊಂಡ ಮೇಲೆ ಇಲ್ಲಿನದಕ್ಕೆ ರೀಚಾರ್ಜೂ ಇಲ್ಲದೆ, ಬಳಕೆಯೂ ಇಲ್ಲದೆ 90 ದಿನ ಕಳೆದರೆ ನಂಬರ್ ಕೈತಪ್ಪಿ, ಮುಂದೆ ಬೇರೆ ಯಾರಿಗೋ ಹೋಗಬಹುದು. ಆಗ ನೀವು ಕಳಿಸಿದ ‘ಊಟ ಆಯ್ತಾ?’ಗೆ ಗೊತ್ತಿಲ್ಲದ ಯಾರೋ ಉತ್ತರ ಕೊಟ್ಟಾರು. ವಿಳಾಸದಲ್ಲಿ ಪಿನ್‌ಕೋಡ್ ಬಿಡಬೇಡಿ, ಚಳಿಗಾಲದಲ್ಲಿ ಅವಳಿಗೆ ಒಂದು ಪೋಸ್ಟ್‌ಕಾರ್ಡ್ ಕಳಿಸುವ ಮನಸ್ಸಾದರೆ ಬೇಕಾಗುತ್ತದೆ.