ವ್ಯೂಸ್ ಬಿದ್ದಾಗ ಮೊದಲು ಯಾವ ದಾರಿ ಬತ್ತಿದೆ ಅಂತ ನೋಡಿ

ಪ್ರಶ್ನೆ: ನನ್ನದು ಎರಡೂವರೆ ವರ್ಷದ ಅಡುಗೆ ಚಾನೆಲ್. ಮೇ ತಿಂಗಳವರೆಗೆ ದಿನಕ್ಕೆ ಹೆಚ್ಚೂಕಡಿಮೆ 9 ಸಾವಿರ ವ್ಯೂಸ್ ಬರುತ್ತಿತ್ತು. ಜೂನ್ ಎರಡನೇ ವಾರದಿಂದ 4 ಸಾವಿರಕ್ಕೆ ಇಳಿದಿದೆ. ವಾರಕ್ಕೆ ಮೂರು ವಿಡಿಯೊ ಹಾಕುವುದನ್ನು ಒಮ್ಮೆಯೂ ತಪ್ಪಿಸಿಲ್ಲ. ಯೂಟ್ಯೂಬ್ ನನ್ನ ಚಾನೆಲನ್ನು ತುಳಿಯುತ್ತಿದೆಯಾ? ಹಳೆಯ ವಿಡಿಯೊಗಳ ಟೈಟಲ್, ಥಂಬ್‌ನೇಲ್ ಎಲ್ಲ ಬದಲಾಯಿಸಲಾ? ಸ್ಕ್ರೀನ್‌ಶಾಟ್ ಕಳಿಸಿದ್ದೇನೆ.

ಉತ್ತರ: ಮೊದಲು ಆ ಹಳೆಯ ವಿಡಿಯೊಗಳಿಂದ ಕೈ ತೆಗೆಯಿರಿ. ಏನನ್ನೂ ಬದಲಾಯಿಸಬೇಡಿ. ಈಗ ಟೈಟಲ್ ತಿದ್ದಿದರೆ ಮುಂದೆ ಏರಿಳಿತ ಆದಾಗ ಕಾರಣ ಯಾವುದು ಅಂತ ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ನೀವು ಕಳಿಸಿದ್ದು ಒಟ್ಟು ವ್ಯೂಸ್‌ನ ಗೆರೆ. ಅದು ಇಳಿದಿದೆ ಅನ್ನುವುದು ಬಿಟ್ಟರೆ ಬೇರೇನನ್ನೂ ಹೇಳುವುದಿಲ್ಲ. ಅದಕ್ಕೇ ನಿಮ್ಮಿಂದ ಇನ್ನಷ್ಟು ಅಂಕಿ ತರಿಸಿಕೊಂಡೆ. ಯೂಟ್ಯೂಬ್ ಸ್ಟುಡಿಯೊದಲ್ಲಿ Analytics ತೆರೆದು, Advanced mode ಒಳಗೆ ಹೋಗಿ, Traffic source, ಅಂದರೆ ವ್ಯೂಸ್ ಬಂದ ದಾರಿ, ಆರಿಸಿ, ಎರಡು ಅವಧಿಗಳನ್ನು ಪಕ್ಕಪಕ್ಕ ಇಡಬೇಕು. ಎರಡೂ 28 ದಿನದ್ದೇ ಆಗಿರಲಿ, ಆಗ ಎರಡರಲ್ಲೂ ನಾಲ್ಕೇ ಭಾನುವಾರ ಬರುತ್ತವೆ. ಅಡುಗೆ ಚಾನೆಲ್‌ಗೆ ಭಾನುವಾರ ಒಂದು ಜಾಸ್ತಿ ಸೇರಿದರೂ ಲೆಕ್ಕ ತಪ್ಪುತ್ತದೆ. ತೀರಾ ಇತ್ತೀಚಿನ ಎರಡು ದಿನ ಬಿಟ್ಟುಬಿಡಿ, ಆ ಅಂಕಿಗಳು ಇನ್ನೂ ಪೂರ್ತಿ ಬಂದಿರುವುದಿಲ್ಲ.

ನಿಮ್ಮದರಲ್ಲಿ ಏಪ್ರಿಲ್ 20ರಿಂದ ಮೇ 17ರವರೆಗೆ ಒಟ್ಟು 2,50,000 ವ್ಯೂಸ್. ಜೂನ್ 8ರಿಂದ ಜುಲೈ 5ರವರೆಗೆ 1,10,000. ಅಂದರೆ ಕಳೆದುಕೊಂಡದ್ದು 1,40,000. ಇದರಲ್ಲಿ YouTube search ಒಂದರಿಂದಲೇ 1,05,000 ಹೋಗಿದೆ, 1,40,000 ಇದ್ದದ್ದು 35,000ಕ್ಕೆ ಬಂದಿದೆ. Suggested videos 40,000ದಿಂದ 22,000ಕ್ಕೆ ಇಳಿದಿದೆ. ಹೋಮ್ ಪೇಜಿನಿಂದ ಬರುವ Browse features 50,000ದಿಂದ 35,000ಕ್ಕೆ ಬಂದಿದೆ. ಉಳಿದವು ಬಹುತೇಕ ಹಾಗೇ ಇವೆ. ನಷ್ಟದ ಮುಕ್ಕಾಲು ಪಾಲು ಒಂದೇ ದಾರಿಯಲ್ಲಿದೆ, ನೋಡಿದಿರಾ?

ಹುಡುಕಾಟದ ದಾರಿ ಬತ್ತುವುದಕ್ಕೆ ಮುಖ್ಯವಾಗಿ ಎರಡು ಕಾರಣ. ಜನ ಹುಡುಕುವುದನ್ನೇ ಬಿಟ್ಟಿರಬೇಕು, ಇಲ್ಲವೇ ಹುಡುಕಿ ಬೇರೆಯವರ ವಿಡಿಯೊ ಒತ್ತುತ್ತಿರಬೇಕು. YouTube search ಮೇಲೆ ಒತ್ತಿದರೆ ಜನ ಟೈಪ್ ಮಾಡಿದ ಪದಗಳೇ ಕಾಣುತ್ತವೆ. ನಿಮ್ಮ ಪಟ್ಟಿಯಲ್ಲಿ ಮೇಲಿದ್ದವು ಮಾವಿನಕಾಯಿ ಉಪ್ಪಿನಕಾಯಿ, ಅಕ್ಕಿ ಸಂಡಿಗೆ, ಹಲಸಿನ ಹಪ್ಪಳ, ಅಪ್ಪೆಮಿಡಿ. ಬಿಸಿಲು ಇದ್ದಾಗ ಮಾಡಿಡುವ ಪದಾರ್ಥಗಳು! ಮಳೆ ಹಿಡಿದ ಮೇಲೆ ಸಂಡಿಗೆ ಒಣಗಿಸುವವರು ಯಾರು? ಈ ನಾಲ್ಕು ವಿಡಿಯೊ ಸೇರಿ ಆಗ 1,10,000 ವ್ಯೂಸ್ ತಂದಿದ್ದವು, ಈಗ 15,000. ಹುಡುಕಾಟದಲ್ಲಿ ಅವುಗಳ ಇಂಪ್ರೆಷನ್, ಅಂದರೆ ಥಂಬ್‌ನೇಲ್ ಕಣ್ಣಿಗೆ ಬಿದ್ದ ಸಲ, ಅಷ್ಟೇ ಪ್ರಮಾಣದಲ್ಲಿ ಇಳಿದಿದೆ. ಆದರೆ ಕಂಡವರಲ್ಲಿ ಒತ್ತಿದವರ ಪಾಲು ಆಗಲೂ ನೂರಕ್ಕೆ 8, ಈಗಲೂ 8. ಬೇರೆಯವರು ನಿಮ್ಮನ್ನು ಹಿಂದೆ ಹಾಕಿದ್ದರೂ ಇಂಪ್ರೆಷನ್ ಇಳಿಯಬಹುದು. ಹಾಗಾಗಿ ಇದೊಂದನ್ನೇ ನಂಬಬೇಡಿ, ಗೂಗಲ್ ಟ್ರೆಂಡ್ಸ್ ಕೂಡ ನೋಡಿ. ಅಲ್ಲಿ Web Search ಅನ್ನುವ ಜಾಗದಲ್ಲಿ YouTube Search ಆರಿಸಿ, ಐದು ವರ್ಷದ ಗೆರೆ ತೆಗೆಯಿರಿ. ಕನ್ನಡ ಲಿಪಿಯಲ್ಲಿ ಹಾಕಿದಾಗ ಏನೂ ಬರದಿದ್ದರೆ mavinakayi uppinakayi ಅಂತ ಹಾಕಿ ನೋಡಿ, ಜನ ಹಾಗೂ ಹುಡುಕುತ್ತಾರೆ. ಪ್ರತಿ ಬೇಸಿಗೆಯಲ್ಲೂ ಗುಡ್ಡದ ಹಾಗೆ ಎದ್ದು ಮಳೆಗಾಲದಲ್ಲಿ ಇಳಿದರೆ ಅದು ಹಂಗಾಮು. ಅಲ್ಲಿ ಕಾಣುವ 100 ಅನ್ನುವುದು ಆ ಅವಧಿಯ ಅತಿ ಎತ್ತರದ ಜಾಗ ಅಷ್ಟೇ, ಹುಡುಕಿದವರ ಸಂಖ್ಯೆ ಅಲ್ಲ.

ನಿಮ್ಮ ಚಾನೆಲ್‌ಗೆ ವಯಸ್ಸಾಗಿರುವುದರಿಂದ ಇನ್ನೂ ಗಟ್ಟಿಯಾದ ಪುರಾವೆ ಇದೆ. ಕಳೆದ ವರ್ಷ ಇದೇ ಜೂನ್ 8ರಿಂದ ಜುಲೈ 5ರವರೆಗೆ ನಿಮಗೆ ಬಂದದ್ದು 70,000. ಈ ವರ್ಷ 1,10,000. ಮೇ ತಿಂಗಳ ಪಕ್ಕ ಇಟ್ಟರೆ ಕುಸಿತ, ಹೋದ ವರ್ಷದ ಜೂನ್ ಪಕ್ಕ ಇಟ್ಟರೆ ಏರಿಕೆ. ಹಂಗಾಮಿನ ವಿಷಯದಲ್ಲಿ ನಾನು ಎರಡನೇ ಹೋಲಿಕೆಯನ್ನೇ ನಂಬುತ್ತೇನೆ.

Suggested ಇಳಿದದ್ದಕ್ಕೂ ಕಾರಣ ಇದೇ. ಅದರ ಮೇಲೆ ಒತ್ತಿದಾಗ ಯಾವ ವಿಡಿಯೊಗಳ ಪಕ್ಕದಲ್ಲಿ ನಿಮ್ಮದು ಕಂಡಿತ್ತು ಅನ್ನುವ ಪಟ್ಟಿ ಬಂತಲ್ಲ, ಅದರಲ್ಲಿ ಹೆಚ್ಚಿನವು ಬೇರೆ ಚಾನೆಲ್‌ಗಳ ಉಪ್ಪಿನಕಾಯಿ ವಿಡಿಯೊಗಳು. ಅವರಿಗೂ ಈಗ ನೋಡುವವರು ಕಡಿಮೆ.

ಆದರೆ Browse ಕಳೆದುಕೊಂಡ 15,000 ಹಂಗಾಮಿನದ್ದಲ್ಲ. ನಿಮಗೆ ನಿಜವಾದ ಕೆಲಸ ಇರುವುದು ಇಲ್ಲಿ. ಮಾರ್ಚ್‌ನಿಂದ ನೀವು "5 ನಿಮಿಷದ ತಿಂಡಿ" ಸರಣಿಯಲ್ಲಿ 22 ವಿಡಿಯೊ ಹಾಕಿದ್ದೀರಿ. ಹಳೆಯದು, ಹೊಸದನ್ನು ಒಟ್ಟು ವ್ಯೂಸ್‌ನಿಂದ ಅಳೆಯುವುದು ಸರಿಯಲ್ಲ, ಹಳೆಯದಕ್ಕೆ ಜಾಸ್ತಿ ದಿನ ಸಿಕ್ಕಿರುತ್ತದೆ. ಪ್ರತಿಯೊಂದರ ಮೊದಲ 7 ದಿನ ಮಾತ್ರ ತೆಗೆದುಕೊಳ್ಳಿ. ಮೊದಲ ಐದು ವಿಡಿಯೊಗಳನ್ನು ಹೋಮ್ ಪೇಜಿನಲ್ಲಿ ಕಂಡ ನೂರು ಸಲದಲ್ಲಿ ಆರು ಸಲ ಒತ್ತಿದ್ದಾರೆ. ಕೊನೆಯ ಐದಕ್ಕೆ ಮೂರೂವರೆ. ಒತ್ತಿದವರು ನೋಡುವ ಸರಾಸರಿ ಸಮಯ ಮಾತ್ರ ಅಷ್ಟೇ ಇದೆ, ಮೂರು ನಿಮಿಷದ ಆಸುಪಾಸು. ಅಂದರೆ ಅಡುಗೆ ಕೆಟ್ಟಿಲ್ಲ, ಬಾಗಿಲು ತೆರೆಯುವವರು ಕಡಿಮೆಯಾಗಿದ್ದಾರೆ. ಅದೇ ಹಳದಿ ಅಕ್ಷರ, ಅದೇ ತಟ್ಟೆ, ಅದೇ "5 ನಿಮಿಷ", ನೋಡಿದವರಿಗೆ ಇದನ್ನು ಆಗಲೇ ನೋಡಿದ್ದೇವಲ್ಲ ಅನ್ನಿಸುತ್ತಿದೆ.

ಇಲ್ಲೊಂದು ಎಚ್ಚರಿಕೆ. ಒತ್ತುವವರ ಪಾಲು ಇಳಿದದ್ದೆಲ್ಲ ಬೇಸರವಲ್ಲ. ವಿಡಿಯೊ ಚೆನ್ನಾಗಿ ಓಡಿದಾಗ ಯೂಟ್ಯೂಬ್ ಅದನ್ನು ನಿಮ್ಮ ಪರಿಚಯವೇ ಇಲ್ಲದ ಜನರಿಗೂ ತೋರಿಸುತ್ತದೆ, ಆಗಲೂ ಪಾಲು ಇಳಿಯುತ್ತದೆ, ಆದರೆ ಇಂಪ್ರೆಷನ್ ಏರಿರುತ್ತದೆ. ನಿಮ್ಮದರಲ್ಲಿ ಎರಡೂ ಇಳಿದಿವೆ. ಇದರ ನಡುವೆ ಜೂನ್ ಕೊನೆಯಲ್ಲಿ ನೀವು ಹಾಕಿದ ಪತ್ರೊಡೆ ವಿಡಿಯೊ ಮೊದಲ ವಾರದಲ್ಲೇ ಹೋಮ್ ಪೇಜಿನಿಂದ ಸರಣಿಯ ಹೊಸ ವಿಡಿಯೊಗಳ ಮೂರು ಪಟ್ಟು ತಂದಿದೆ. ನಿಮ್ಮನ್ನು ನೋಡುವವರು ಎಲ್ಲೂ ಹೋಗಿಲ್ಲ. ಅವರಿಗೆ ಸಾಕಾಗಿರುವುದು ಆ ಸರಣಿ.

ಇನ್ನು ಯೂಟ್ಯೂಬ್ ತುಳಿಯುತ್ತಿದೆ ಅನ್ನುವ ಮಾತು. ವೇದಿಕೆಯಲ್ಲಿ ಬದಲಾವಣೆ ಆದಾಗ ಗೆರೆ ಮೆಟ್ಟಿಲಿನ ಹಾಗೆ ಒಂದೆರಡು ದಿನದಲ್ಲಿ ಬೀಳುತ್ತದೆ, ವಿಷಯ ಯಾವುದೇ ಇರಲಿ, ಹೊಸದು ಹಳೆಯದೆಲ್ಲ ಒಟ್ಟಿಗೆ. 2025ರ ಆಗಸ್ಟ್‌ನಲ್ಲಿ ಅನೇಕರಿಗೆ ಹಾಗಾಯಿತು. ಡಿವೈಸ್ ಪ್ರಕಾರ ಬಿಡಿಸಿ ನೋಡಿದರೆ ಕಂಪ್ಯೂಟರ್ ವ್ಯೂಸ್ ಮಾತ್ರ ಬಿದ್ದಿತ್ತು, ಮೊಬೈಲ್ ಮತ್ತು ಟಿವಿ ಹಾಗೇ ಇದ್ದವು, ಲೈಕ್‌ಗಳೂ ಅಷ್ಟಾಗಿ ಇಳಿದಿರಲಿಲ್ಲ. ಜಾಹೀರಾತು ತಡೆಯುವ ಸಾಫ್ಟ್‌ವೇರ್‌ಗಳಿಂದ ವ್ಯೂಸ್ ಲೆಕ್ಕ ತಪ್ಪಬಹುದು ಅಂತ ಆಮೇಲೆ ಯೂಟ್ಯೂಬೇ ಹೇಳಿತು. ಅಂದರೆ ನೋಡುವವರು ಇದ್ದರು, ಎಣಿಕೆ ತಪ್ಪಿತ್ತು. ಶಾರ್ಟ್ಸ್ ಹಾಕುವವರು ಇನ್ನೊಂದು ದಿನಾಂಕ ನೆನಪಿಡಬೇಕು. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಅದನ್ನೇ ಒಂದು ವ್ಯೂ ಅಂತ ಎಣಿಸುತ್ತಾರೆ. ಸ್ವಲ್ಪ ಹೊತ್ತು ನೋಡಿದರೆ ಮಾತ್ರ ಎಣಿಸುತ್ತಿದ್ದ ಹಳೆಯ ಲೆಕ್ಕ ಈಗ Engaged views ಅನ್ನುವ ಹೆಸರಲ್ಲಿದೆ. ಆ ದಿನದ ಹಿಂದಿನದನ್ನು ಮುಂದಿನದರ ಜೊತೆ ಹೋಲಿಸಿದರೆ ಸುಮ್ನೆ ಗೊಂದಲ.

ನಿಮ್ಮ ಗೆರೆ ಮೆಟ್ಟಿಲಲ್ಲ, ಇಳಿಜಾರು. ಮೂರು ವಾರದಲ್ಲಿ ನಿಧಾನವಾಗಿ ಇಳಿದಿದೆ, ಮೊಬೈಲ್, ಟಿವಿ ಎರಡರಲ್ಲೂ. Content ಪುಟದ Restrictions ಕಾಲಂನಲ್ಲಿ ಯಾವ ನಿರ್ಬಂಧವೂ ಇಲ್ಲ. ಹಾಗಾಗಿ ನಿಮ್ಮನ್ನು ಯಾರೂ ತಡೆದಿಲ್ಲ ಅಂತ ನನಗೆ ಅನ್ನಿಸುತ್ತದೆ.

ತಿಂಡಿ ಸರಣಿಯನ್ನು ಸದ್ಯಕ್ಕೆ ನಿಲ್ಲಿಸಿ. ಆ ಜಾಗದಲ್ಲಿ ನಾಗರ ಪಂಚಮಿಯ ತಂಬಿಟ್ಟು, ವರಮಹಾಲಕ್ಷ್ಮಿಯ ಹೋಳಿಗೆ, ಗೋಕುಲಾಷ್ಟಮಿಯ ಚಕ್ಕುಲಿ, ಗಣಪತಿಯ ಕಡುಬು ಬರಲಿ, ಒಂದೊಂದೂ ಹಬ್ಬಕ್ಕೆ ಮೂರು ವಾರ ಮೊದಲೇ. ಹಬ್ಬದ ಹಿಂದಿನ ದಿನ ಹಾಕಿದರೆ ಹುಡುಕಾಟದಲ್ಲಿ ಮೇಲೆ ಬರಲು ಅದಕ್ಕೆ ಸಮಯವೇ ಸಿಗುವುದಿಲ್ಲ. ನಾಲ್ಕು ವಾರ ಆದ ಮೇಲೆ ಹೊಸ ವಿಡಿಯೊಗಳ ಮೊದಲ 7 ದಿನದ Browse ಅಂಕಿ ಕಳಿಸಿ. ಅದು ಪತ್ರೊಡೆಯ ಹತ್ತಿರ ಬಾರದಿದ್ದರೆ ನನ್ನ ಲೆಕ್ಕ ತಪ್ಪಿದೆ ಅಂತ ಅರ್ಥ, ಆಗ ಥಂಬ್‌ನೇಲ್ ಬಿಚ್ಚಿ ನೋಡೋಣ. ಉಪ್ಪಿನಕಾಯಿ ವಿಡಿಯೊ ಮಾತ್ರ ಮುಟ್ಟಬೇಡಿ, ಮಾರ್ಚ್‌ನಲ್ಲಿ ಅದಕ್ಕೆ ಮತ್ತೆ ಕೆಲಸ ಇದೆ.